ಬರಹ ತಿದ್ದುವುದೆಂದರೆ ಗ್ರಂಥಭಾಷೆಗೆ ತರುವುದೇ?

ಆಡುಮಾತನ್ನು ಗ್ರಂಥಭಾಷೆಗೆ ಬದಲಿಸಿದರೆ ಬರಹ ಶುದ್ಧವಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ?

ಮರಿಯಮ್ಮನಹಳ್ಳಿಯ ಜೋಗತಿ ಕಲಾವಿದೆ, ಪದ್ಮಶ್ರೀ ಪುರಸ್ಕೃತೆ ಮಂಜಮ್ಮ ಜೋಗತಿ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನು ಬರಹಕ್ಕಿಳಿಸಿದವರು ಅರುಣ್ ಜೋಳದಕೂಡ್ಲಿಗಿ. ಒಬ್ಬರು ಹೇಳಿ ಇನ್ನೊಬ್ಬರು ಬರೆಯುವ ಇಂಥ ಕೆಲಸದಲ್ಲಿ ಎಲ್ಲಿ ತಿದ್ದಬೇಕು, ಎಲ್ಲಿ ಬಿಡಬೇಕು ಎಂಬುದೇ ದೊಡ್ಡ ಪ್ರಶ್ನೆ.

ನಾವೇ ಕಟ್ಟಿದ ಒಂದು ಉದಾಹರಣೆ ನೋಡಿ: “ಅವತ್ತು ಸೋಮವಾರ, ಅಲ್ಲಲ್ಲ, ಮಂಗಳವಾರ. ನಮ್ಮವ್ವ ಅತ್ಲು, ಅತ್ಲು, ಆಮ್ಯಾಲ ಸುಮ್ಕಾದ್ಲು.”

ಇದನ್ನು “ಮಂಗಳವಾರ ನನ್ನ ತಾಯಿಯವರು ಬಹಳ ರೋದಿಸಿ ಮೌನವಾದರು” ಎಂದು ತಿದ್ದಿದರೆ ವ್ಯಾಕರಣ ಸರಿ. ಆದರೆ ‘ಅವ್ವ’ನ ಸಲುಗೆ ಹೋಯಿತು. ‘ಅತ್ಲು, ಅತ್ಲು’ ಎಂಬುದು ತಪ್ಪಲ್ಲ. ಅಳು ಎಷ್ಟು ಹೊತ್ತು ನಡೆಯಿತು ಎಂಬುದನ್ನು ಅದೇ ಹೇಳುತ್ತದೆ. ತೆಗೆಯಬೇಕಾದದ್ದು ವಾರದ ತಡವರಿಕೆ ಮಾತ್ರ: “ಅವತ್ತು ಮಂಗಳವಾರ. ನಮ್ಮವ್ವ ಅತ್ಲು, ಅತ್ಲು, ಆಮ್ಯಾಲ ಸುಮ್ಕಾದ್ಲು.”

ಹಾಗೆಂದು ಪ್ರತಿ ಉಚ್ಚಾರವನ್ನೂ ಅಕ್ಷರಕ್ಕಿಳಿಸಬೇಕಿಲ್ಲ. ಅತಿಯಾದರೆ ಓದುಗ ಎಡವುತ್ತಾನೆ, ಹೇಳಿದವರು ನಗೆಪಾಟಲಾಗುತ್ತಾರೆ.

ಪರೀಕ್ಷೆ ಸುಲಭ. ತಿದ್ದಿದ್ದನ್ನು ಹೇಳಿದವರಿಗೇ ಗಟ್ಟಿಯಾಗಿ ಓದಿ. “ನಾನು ಹಿಂಗ ಅನ್ನಂಗಿಲ್ಲ” ಎಂದು ಅವರು ತಡೆದ ಜಾಗದಲ್ಲಿ ಅವರ ಮೂಲ ಮಾತನ್ನು ಮರಳಿ ಹಾಕಿ.