ಅಂಗಡಿ ರ‍್ಯಾಕಲ್ಲಿರೋ ಬೆಲ್ಲ ಯಾರದು?

ಹೋದ ವಾರ ಕಬ್ಬಿನ ತರಗಿನ ಮುಚ್ಚಿಗೆ ಬಗ್ಗೆ ಬರೆದಿದ್ದೆ. ಈ ಸಲ ಗದ್ದೆ ಬಿಟ್ಟು ಲೆಕ್ಕದ ಪುಸ್ತಕದ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ. ನಮ್ಮಲ್ಲಿ ಸುಮಾರು ಜನ ಈಗ ಬೆಲ್ಲದ ಪುಡಿ, ಗಾಣದ ಎಣ್ಣೆ, ರಾಗಿ ಹಿಟ್ಟು ಪ್ಯಾಕೆಟ್ ಮಾಡಿ ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಕೊಡ್ತಾ ಇದ್ದೀರಿ. "ಇಟ್ಟು ಹೋಗಿ, ಮಾರಿದ ಮೇಲೆ ದುಡ್ಡು ಕೊಡ್ತೀವಿ" ಅನ್ನೋದೇ ಹೆಚ್ಚಿನ ಕಡೆ ಮಾತು. ಆ ಮಾತಿನ ಅರ್ಥ ಏನು ಅಂತ ನನಗೆ ಗೊತ್ತಾಗೋಕೆ ಒಂದು ಜಗಳ ಬೇಕಾಯ್ತು.

ನಮ್ಮ ಆಲೆಮನೆಯಲ್ಲಿ ಮಾಡಿಸಿದ ಬೆಲ್ಲದ ಪುಡಿ, ಒಂದು ಕೆಜಿಯ 200 ಪ್ಯಾಕೆಟ್, ಬೆಂಗಳೂರಿನ ಒಂದು ಅಂಗಡಿಗೆ ಕಳಿಸಿದೆ. ಮಾರೋ ಬೆಲೆ 100 ರೂಪಾಯಿ, ಅಂಗಡಿಯವರ ಕಮಿಷನ್ ನೂರಕ್ಕೆ 20. ಮನೆಗೆ ಬಂದು ಪುಸ್ತಕದಲ್ಲಿ ಬರೆದುಕೊಂಡೆ: 200 ಪ್ಯಾಕೆಟ್, ತಲಾ 80, ಬರಬೇಕಾದ್ದು 16,000. ಖರ್ಚು 13,000 ಆಗಿತ್ತು. 3,000 ಲಾಭ ಅಂತ ಹಿಗ್ಗಿ, ಆ ದುಡ್ಡಿನ ಮೇಲೆ ಗೊಬ್ಬರದ ಅಂಗಡೀಲಿ ಸಾಲ ಹೇಳಿ ಬಂದೆ. ಮಗಳು ಬಿ.ಕಾಂ. ಓದ್ತಾ ಇದ್ದಾಳೆ. ಪುಸ್ತಕ ನೋಡಿ, "ಅಪ್ಪಾ, ನೀನಿನ್ನೂ ಒಂದು ಪ್ಯಾಕೆಟ್ಟೂ ಮಾರಿಲ್ಲ, ಬೆಲ್ಲ ಇಡೋ ಜಾಗ ಬದಲಾಯಿಸಿದ್ದೀಯ ಅಷ್ಟೇ" ಅಂದ್ಲು. ಅವಳ ಪಠ್ಯದಲ್ಲಿ ಇದಕ್ಕೆ ಕನ್ಸೈನ್‌ಮೆಂಟ್ ಅಂತ ಒಂದು ಪಾಠವೇ ಇದೆ. ಆಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳಾದ ಮೇಲೆ ಅಂಗಡಿಯಿಂದ ಲೆಕ್ಕ ಬಂತು. 140 ಪ್ಯಾಕೆಟ್ ಮಾರಿದೆ, 14,000. ಇಳಿಸಿದ ಹಮಾಲಿ 200 ಮುರಿದಿದ್ದಾರೆ, ಸರಿ. ಕಮಿಷನ್ ಮಾತ್ರ 4,000 ಮುರಿದಿದ್ದಾರೆ! ಅಂದ್ರೆ 200 ಪ್ಯಾಕೆಟ್ಟಿಗೂ ಹಿಡಿದಿದ್ದಾರೆ. ಕೈಗೆ ಬಂದಿದ್ದು 9,800. ಕೊನೆಗೆ ಒಂದು ಸಾಲು: 10 ಪ್ಯಾಕೆಟ್ ನೀರು ಬಿಟ್ಟು ಗಟ್ಟಿಯಾಗಿತ್ತು, ಎಸೆದಿದ್ದೇವೆ. ಉಳಿದ 50 ರ‍್ಯಾಕಲ್ಲಿದೆ.

ಫೋನ್ ಮಾಡಿ ಕೇಳಿದೆ. "ನಿಮ್ಮ ಮಾಲು ಎರಡು ತಿಂಗಳು ನಮ್ಮ ಜಾಗ ತಿಂದಿದೆಯಲ್ಲ ಗೌಡ್ರೇ" ಅಂದ್ರು. ನಾನೂ ಸುಮ್ಮನಿರಲಿಲ್ಲ, "ಹಂಗಾದ್ರೆ ಉಳಿದ 60 ಪ್ಯಾಕೆಟ್ಟಿನ ದುಡ್ಡೂ ಕೊಟ್ಟುಬಿಡಿ" ಅಂದೆ. ಫೋನ್ ಇಟ್ಟ ಮೇಲೆ ಯೋಚನೆ ಮಾಡಿದ್ರೆ, ಇಬ್ಬರೂ ತಪ್ಪು ಮಾತಾಡಿದ್ವಿ.

ವಿಷಯ ಇಷ್ಟೇ. ಮಾರಿದ ಮೇಲೆ ದುಡ್ಡು ಅಂತ ಕೊಟ್ಟಾಗ ಅಂಗಡಿಯವನು ಕೊಳ್ಳೋನಲ್ಲ, ನಮ್ಮ ಪರವಾಗಿ ಮಾರೋನು, ಅಂದ್ರೆ ಏಜೆಂಟ್. ಗಿರಾಕಿ ಕೈಗೆ ಹೋಗೋ ತನಕ ಆ ಪ್ಯಾಕೆಟ್ ನಮ್ಮದೇ. ನಮ್ಮದು ಅಂದ ಮೇಲೆ ಮಾರದ ಮಾಲಿಗೆ ನಾವು ದುಡ್ಡು ಕೇಳೋ ಹಾಗಿಲ್ಲ. ಅದೇ ಕಾರಣಕ್ಕೆ ಮಾರದ ಮಾಲಿಗೆ ಅವನೂ ಕಮಿಷನ್ ಹಿಡಿಯೋ ಹಾಗಿಲ್ಲ. ನಮ್ಮವರು ಲಾಭ ಬಂದಾಗ "ಮಾಲು ನಂದು" ಅಂತಾರೆ, ಕೆಟ್ಟಾಗ "ನಿಮ್ಮ ಅಂಗಡೀಲಿ ಕೆಟ್ಟಿದ್ದು ನಿಮ್ದು" ಅಂತಾರೆ. ಎರಡೂ ಕಡೆಯಿಂದ ಹಿಡಿಯೋಕಾಗಲ್ಲ.

1872ರ ಕರಾರು ಕಾಯ್ದೆಯಲ್ಲೂ ಇದೇ ಇದೆ. ಮಾಲೀಕ ಕೇಳಿದಾಗ ಏಜೆಂಟ್ ಸರಿಯಾದ ಲೆಕ್ಕ ಒಪ್ಪಿಸಬೇಕು ಅಂತ 213ನೇ ಸೆಕ್ಷನ್ ಹೇಳುತ್ತೆ. 219ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ ಏಜೆಂಟನ ಕೂಲಿ ಕೆಲಸ ಮುಗಿದ ಮೇಲೇ ಹುಟ್ಟೋದು. ಆದ್ರೆ ಕಳಿಸಿದ ಮಾಲೆಲ್ಲ ಖಾಲಿಯಾಗೋ ತನಕ ಅವನು ಕಾಯಬೇಕಾಗಿಲ್ಲ, ಮಾರಿ ಬಂದ ಹಣದಲ್ಲಿ ತನ್ನ ಪಾಲು ಹಿಡಿದುಕೊಳ್ಳಬಹುದು. "ಬೇರೆ ಒಪ್ಪಂದ ಇಲ್ಲದಿದ್ರೆ" ಅನ್ನೋ ಮಾತು ನೆನಪಿಡಿ. ರ‍್ಯಾಕಿಗೆ ಬಾಡಿಗೆ ಬೇಕು ಅಂತ ಮೊದಲೇ ಹೇಳಿ, ನಾವು ಒಪ್ಪಿದ್ರೆ ಕೊಡಲೇಬೇಕು. ಹೇಳದೆ ಆಮೇಲೆ ಕಮಿಷನ್ ಹೆಸರಲ್ಲಿ ಮುರಿಯೋದು ಸರಿಯಲ್ಲ.

ಈಗ ಮಗಳು ಹಾಕಿಕೊಟ್ಟ ಲೆಕ್ಕ ನೋಡಿ. ಕಬ್ಬು, ಆಲೆಮನೆ ಕೂಲಿ, ಪ್ಯಾಕೆಟ್ ಎಲ್ಲ ಸೇರಿ ಒಂದಕ್ಕೆ 60, ಒಟ್ಟು 12,000. ಟೆಂಪೋ ಬಾಡಿಗೆ 1,000. ಅಲ್ಲಿ ಇಳಿಸಿದ ಹಮಾಲಿ 200. ಮಾಲು ಅಂಗಡಿ ಒಳಗೆ ಸೇರೋವರೆಗಿನ ಖರ್ಚು ಎಲ್ಲ ಪ್ಯಾಕೆಟ್ಟಿಗೂ ಸಮ ಹಂಚಬೇಕು. ಹಾಗಾಗಿ ರ‍್ಯಾಕಲ್ಲಿ ಕೂತ ಒಂದು ಪ್ಯಾಕೆಟ್ ನಮಗೆ ಬಿದ್ದಿದ್ದು 66 ರೂಪಾಯಿ. ಕಮಿಷನ್ನನ್ನ ಹೀಗೆ ಹಂಚಬಾರದು, ಯಾಕಂದ್ರೆ ಅದು ಮಾರಿದ ಪ್ಯಾಕೆಟ್ಟಿಗೆ ಮಾತ್ರ ಅಂಟಿದ ಖರ್ಚು.

ಮಾರಿದ 140ಕ್ಕೆ ಬಂದಿದ್ದು 14,000. ಅದರ ಕಮಿಷನ್ 2,800. ಆ 140ರ ಅಸಲು, 66ರಂತೆ, 9,240. ಕಳೆದರೆ ಉಳಿಯೋ ಲಾಭ 1,960. ಕೆಟ್ಟುಹೋದ ಹತ್ತರ ಅಸಲು 660 ನಷ್ಟ ಬರೆದರೆ ಕೊನೆಗೆ 1,300. ಉಳಿದ 50 ಪ್ಯಾಕೆಟ್ ಲಾಭದಲ್ಲೂ ಇಲ್ಲ, ನಷ್ಟದಲ್ಲೂ ಇಲ್ಲ. 66ರಂತೆ 3,300 ರೂಪಾಯಿ ಮಾಲು ಬೆಂಗಳೂರಲ್ಲಿದೆ ಅಂತ ಒಂದು ಸಾಲು ಬರೆದರೆ ಮುಗೀತು. ನಾನು 3,000 ಅಂದುಕೊಂಡಿದ್ದ ಲಾಭ ನಿಜವಾಗಿ 1,300. ಗೊಬ್ಬರದ ಅಂಗಡಿಯವನಿಗೆ ನಾನು ಮಾತು ಕೊಟ್ಟಿದ್ದು ಇಲ್ಲದ ದುಡ್ಡಿನ ಮೇಲೆ.

ಉಳಿದ ಮಾಲಿಗೆ ಬೆಲೆ ಕಟ್ಟುವಾಗ ಇನ್ನೊಂದು ಎಚ್ಚರ. ಮಾರೋ ಬೆಲೆ 100 ಅಂತ 5,000 ಬರೆಯಬೇಡಿ, ಬಾರದ ಲಾಭ ಪುಸ್ತಕಕ್ಕೆ ಬಂದುಬಿಡುತ್ತೆ. ಅಸಲಲ್ಲೇ ಬರೆಯಿರಿ. ಅಸಲೂ ಹುಟ್ಟದ ಹಾಗಿದ್ರೆ ಅದಕ್ಕಿಂತ ಕಮ್ಮಿ ಬರೆಯಬೇಕು. ಪುಡಿ ಹಳೇದಾಗಿ 75ಕ್ಕೆ ಇಳಿಸಿ ಮಾರಬೇಕು ಅಂತಿಟ್ಟುಕೊಳ್ಳಿ. ಕಮಿಷನ್ 15 ಹೋದರೆ ನಮಗೆ ಸಿಗೋದು 60. ಆಗ ಆ ಪ್ಯಾಕೆಟ್ಟಿನ ಬೆಲೆ 66 ಅಲ್ಲ, 60. ವಾಪಸ್ ತರಿಸಿದ್ರೆ ಬರೋ ಬಾಡಿಗೆಯನ್ನೂ ಮಾಲಿನ ಬೆಲೆಗೆ ಸೇರಿಸಬೇಡಿ. ಮಂಡ್ಯ ಬೆಂಗಳೂರು ಎರಡು ಸಲ ತಿರುಗಿದ್ರೆ ಬೆಲ್ಲದ ರುಚಿ ಏನೂ ಹೆಚ್ಚಲ್ಲ, ಆ ದುಡ್ಡು ಶುದ್ಧ ನಷ್ಟ.

ಇನ್ನು ಕೆಟ್ಟ ಹತ್ತು ಪ್ಯಾಕೆಟ್. ಮಳೆಗಾಲದ ಥಂಡಿಗೆ ಬೆಲ್ಲದ ಪುಡಿ ಗಾಳಿಯ ನೀರು ಹೀರಿ ಗಂಟಾಗೋದು ನಮಗೆಲ್ಲ ಗೊತ್ತಿರೋದೇ. ತನ್ನ ಸ್ವಂತ ಮಾಲನ್ನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡಿದ ಮೇಲೂ ಕೆಟ್ಟರೆ ಅದು ಮಾಲೀಕನ ನಷ್ಟ, ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ. ಒದ್ದೆ ನೆಲದ ಮೇಲೆ ಡಬ್ಬ ಇಟ್ಟು ಕೆಡಿಸಿದ್ರೆ ಆಗ ಅವನ ತಲೆಗೆ. ನನ್ನ ವಿಷಯದಲ್ಲಿ ಯಾವುದು ಅಂತ ಹೇಳೋಕೇ ಆಗಲಿಲ್ಲ, ಯಾಕಂದ್ರೆ ಅವರು ನನಗೆ ತೋರಿಸದೆ ಎಸೆದಿದ್ದರು. ಕೆಟ್ಟಿದ್ರೂ ಅದು ನನ್ನ ಮಾಲು, ನೋಡದೆ ಎಸೆಯೋ ಹಕ್ಕು ಅವರಿಗಿಲ್ಲ. ಆದ್ರೆ ಈ ಷರತ್ತನ್ನ ನಾನೂ ಬರೆಸಿಕೊಂಡಿರಲಿಲ್ಲ. 660 ನನ್ನ ತಲೆ ಮೇಲೇ ಬಿತ್ತು.

ಮಾಲು ಯಾರದು ಅನ್ನೋದು ಬರೀ ಲೆಕ್ಕದ ಮಾತಲ್ಲ. ನಾಳೆ ಆ ಅಂಗಡಿ ಸಾಲಕ್ಕೆ ಬಿದ್ದು ಬೀಗ ಹಾಕಿಕೊಂಡರೆ? ನಾವು ಬಿಲ್ ಹಾಕಿ ಕಡ ಕೊಟ್ಟಿದ್ರೆ ಮಾಲು ಅವರದು, ನಾವು ಉಳಿದ ಸಾಲಗಾರರ ಜೊತೆ ಸಾಲಲ್ಲಿ ನಿಲ್ಲಬೇಕು. ಮಾರಾಟಕ್ಕೆ ಅಂತ ಮಾತ್ರ ಇಟ್ಟಿದ್ರೆ, ಅದಕ್ಕೆ ಕಾಗದ ಇದ್ರೆ, ರ‍್ಯಾಕಲ್ಲಿರೋದು ನಮ್ಮದು ಅಂತ ಎತ್ತಿಕೊಂಡು ಬರೋ ಹಕ್ಕು ಕೇಳಬಹುದು. ಕಾಗದ ಇಲ್ಲದಿದ್ರೆ ಬೆಲ್ಲಕ್ಕೆ ಬಾಯಿಲ್ಲ, ಅದು ಯಾರದು ಅಂತ ಅದೇ ಹೇಳಲ್ಲ.

ಇಲ್ಲೇ ಒಂದು ಗುಂಡಿ ಇದೆ. ಕೆಲವು ಅಂಗಡಿಯವರು "ಬಿಲ್ ಹಾಕಿ ಕೊಡಿ, ಒಂದು ತಿಂಗಳಲ್ಲಿ ಮಾರಾಟ ಆಗದಿದ್ರೆ ವಾಪಸ್" ಅಂತಾರೆ. ಕೇಳೋಕೆ ಒಂದೇ ಥರ ಇದ್ರೂ ಇದು ಬೇರೆ. ಇಲ್ಲಿ ಅಂಗಡಿಯವನೇ ಕೊಳ್ಳೋನು. 1930ರ ಸರಕು ಮಾರಾಟ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಗೊತ್ತು ಮಾಡಿದ ದಿನದೊಳಗೆ ಬೇಡ ಅಂತ ತಿಳಿಸದೆ ಮಾಲು ಇಟ್ಟುಕೊಂಡರೆ ಅದು ಅವನದಾಗುತ್ತೆ, ಪೂರ್ತಿ ದುಡ್ಡು ಕೊಡಬೇಕು. ನಮಗೆ ಅನುಕೂಲ ಅನ್ನಿಸಬಹುದು. ಆದ್ರೆ ಅಂಗಡಿ ಮುಳುಗಿದ್ರೆ ಮಾಲೂ ಇಲ್ಲ, ದುಡ್ಡೂ ಇಲ್ಲ. ಯಾವ ಥರ ಕೊಡ್ತಾ ಇದ್ದೀವಿ ಅನ್ನೋದು ಟೆಂಪೋ ಹತ್ತಿಸೋ ಮುಂಚೆ ತೀರ್ಮಾನ ಆಗಿರಬೇಕು.

ಕಡದ ಮಾತೂ ಒಂದಿದೆ. ನಮ್ಮ ಒಪ್ಪಿಗೆ ತಗೊಂಡು ಅಂಗಡಿಯವನು ಹೋಟೆಲಿಗೆ ನಮ್ಮ ಬೆಲ್ಲ ಉದ್ರಿ ಕೊಟ್ಟ, ಹೋಟೆಲಿನವನು ಕೈ ಎತ್ತಿದ ಅಂದ್ರೆ ಆ ನಷ್ಟ ಸಾಮಾನ್ಯವಾಗಿ ನಮ್ಮದೇ. ಉದ್ರಿ ಮುಳುಗಿದ್ರೂ ನಾನೇ ಕೊಡ್ತೀನಿ ಅಂತ ಅವನು ಹೊಣೆ ಹೊರೋದಾದ್ರೆ ಅದಕ್ಕೆ ಬೇರೆ ಕಮಿಷನ್ ಕೇಳೋದು ವ್ಯಾಪಾರದ ಪದ್ಧತಿ. ನನ್ನ ಮಟ್ಟಿಗೆ, ನಗದಿಗೆ ಮಾತ್ರ ಮಾರಿ ಅಂತ ಬರೆಸಿದ್ದೀನಿ.

"ಇದೆಲ್ಲ ತಲೆನೋವು, ನಗದಿಗೇ ಮಾರು" ಅಂತ ನಮ್ಮಣ್ಣ ಹೇಳ್ತಾನೆ. ನಗದಿಗೆ ಕೊಳ್ಳೋನು ನನ್ನ ಬೆಲ್ಲಕ್ಕೆ 70ರ ಮೇಲೆ ಕೊಡಲ್ಲ, ಮಾರದೆ ಉಳಿದ್ರೆ ತನಗೆ ನಷ್ಟ ಅಂತ ಅದನ್ನೂ ಬೆಲೆಯಲ್ಲಿ ಮುರಿದಿರ್ತಾನೆ. ಇಟ್ಟು ಮಾರಿಸಿದ್ರೆ 80. ಆ ಹತ್ತು ರೂಪಾಯಿ ಉಳಿಕೆ, ಕೊಳೆತ, ಕಾಯೋದು ಇವುಗಳನ್ನ ನಾನು ಹೊತ್ತುಕೊಂಡಿದ್ದಕ್ಕೆ ಸಿಗೋ ಕೂಲಿ. ನೂರು ಪ್ಯಾಕೆಟ್ಟಲ್ಲಿ ಹತ್ತು ಹಾಳಾದ್ರೆ, ಉಳಿದ 90ಕ್ಕೆ 7,200 ಸಿಗುತ್ತೆ, ನಗದಿಗಿಂತ 200 ಮಾತ್ರ ಹೆಚ್ಚು. ಹದಿಮೂರು ಹಾಳಾದ್ರೆ ನಗದೇ ವಾಸಿ. ಹಾಗಾಗಿ ಪುಡಿ ಬೇಗ ಖರ್ಚಾಗೋ ಅಂಗಡಿಗೆ ಇಟ್ಟು ಮಾರಿಸ್ತೀನಿ, ಮಳೆಗಾಲದಲ್ಲಿ ನಗದಿಗೆ ಕೊಟ್ಟುಬಿಡ್ತೀನಿ.

ಅಂಗಡಿಯವರ ವಿಷಯ ಏನಾಯ್ತು ಅಂದ್ರೆ, ಈ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತಗೊಂಡು ಹೋಗಿ ಎದುರಿಗೆ ಕೂತೆ. ಅವರೂ ಕೆಟ್ಟವರಲ್ಲ, ಅವರ ಹುಡುಗ ಬಂದ ಮಾಲಿಗೆಲ್ಲ ಒಂದೇ ಥರ ಮುರಿದಿದ್ದ. ಹೆಚ್ಚು ಹಿಡಿದ 1,200 ವಾಪಸ್ ಕೊಟ್ಟರು. ಈಗ ಮಾಲಿನ ಜೊತೆ ಎರಡು ಪ್ರತಿ ಚೀಟಿ ಹೋಗುತ್ತೆ. ಬಿಲ್ ಅಲ್ಲ, "ಮಾರಾಟಕ್ಕಾಗಿ ಮಾತ್ರ, ಮಾರುವ ತನಕ ಮಾಲು ಕಳಿಸಿದವರದು" ಅಂತ ಮೇಲೆ ಬರೆದ ಚೀಟಿ. ಎಷ್ಟು ಪ್ಯಾಕೆಟ್, ಮಾರೋ ಬೆಲೆ, ಮಾರಿದ್ದಕ್ಕೆ ಮಾತ್ರ ಕಮಿಷನ್, ತಿಂಗಳ ಐದನೇ ತಾರೀಕಿಗೆ ಲೆಕ್ಕ, ಕೆಟ್ಟಿದ್ದನ್ನ ಫೋಟೋ ಕಳಿಸದೆ ಎಸೆಯಬಾರದು, ವಾಪಸ್ ಬಾಡಿಗೆ ಅರ್ಧ ಅರ್ಧ. ಕೆಳಗೆ ಇಬ್ಬರ ಸಹಿ. ತಿಂಗಳಿಗೊಮ್ಮೆ ಹೋಗಿ ರ‍್ಯಾಕಲ್ಲಿರೋದನ್ನ ನಾನೇ ಎಣಿಸ್ತೀನಿ. ಕಳಿಸಿದ್ದು, ಮಾರಿದ್ದು, ಕೆಟ್ಟಿದ್ದು, ಉಳಿದಿದ್ದು ತಾಳೆ ಆಗಲೇಬೇಕು.

ಚೀಟಿಯ ಮಾದರಿ ಬೇಕಾದವರು ಭಾನುವಾರ ಬೆಳಗ್ಗೆ ಆಲೆಮನೆ ಹತ್ರ ಬನ್ನಿ, ಪ್ರತಿ ಕೊಡ್ತೀನಿ. ಬರುವಾಗ ನಿಮ್ಮ ಮಾಲು ಎಲ್ಲೆಲ್ಲಿ ಎಷ್ಟು ಕೂತಿದೆ ಅಂತ ಬರ್ಕೊಂಡು ಬನ್ನಿ.