ಲಾಭಾಂಶ ನಿಲ್ಲಿಸುವ ಪತ್ರದಲ್ಲಿ ಇರಬೇಕಾದ ಲೆಕ್ಕ

ವಿಸ್ತರಣೆಗೆ ಹಣ ಬೇಕೆಂದು ಕಂಪನಿಯೊಂದು ಲಾಭಾಂಶ ನಿಲ್ಲಿಸಿದಾಗ, ಮುಖ್ಯ ಹಣಕಾಸು ಅಧಿಕಾರಿ ಅದರ ಕಾರಣವನ್ನು ಷೇರುದಾರರಿಗೆ ತಿಳಿಸಬೇಕಾಗುತ್ತದೆ. ನಿಲ್ಲಿಸುವುದೇ ತಪ್ಪು ಎನ್ನುವವರ ಜೊತೆ ನಾನಿಲ್ಲ. ಹೊಸ ಕಾರ್ಖಾನೆಯಿಂದ ಬರುವ ಪ್ರತಿಫಲ ಷೇರುದಾರ ತಾನೇ ಬೇರೆಡೆ ಹೂಡಿ ಗಳಿಸುವುದಕ್ಕಿಂತ ಹೆಚ್ಚಾಗಿದ್ದರೆ ಹಣ ಕಂಪನಿಯಲ್ಲೇ ಉಳಿಯುವುದು ಒಳ್ಳೆಯದು. ಆದರೆ ಉಳಿಸಿಕೊಂಡ ಹಣ ಯಾವುದಕ್ಕೆ ಹೋಗುತ್ತದೆ, ಯಾವ ಸ್ಥಿತಿ ತಲುಪಿದ ಮೇಲೆ ಲಾಭಾಂಶ ಮರಳುತ್ತದೆ ಎಂಬುದನ್ನು ಅಂಕಿಗಳಲ್ಲಿ ಬರೆಯದ ಪತ್ರವನ್ನು ಷೇರುದಾರ ಒಪ್ಪಬೇಕಿಲ್ಲ. ಅಮೆರಿಕದ ಚಿಪ್ ತಯಾರಕ ಕಂಪನಿ ಇಂಟೆಲ್ 2024ರಲ್ಲಿ ಮಾಡಿದ ಘೋಷಣೆಯನ್ನು ನೋಡಿದರೆ ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳುವುದೇಕೆಂದು ತಿಳಿಯುತ್ತದೆ.

1992ರಿಂದ ತಪ್ಪದೆ ಲಾಭಾಂಶ ಕೊಡುತ್ತ ಬಂದಿದ್ದ ಇಂಟೆಲ್, 2023ರ ಫೆಬ್ರುವರಿಯಲ್ಲಿ ತ್ರೈಮಾಸಿಕ ಮೊತ್ತವನ್ನು ಷೇರಿಗೆ 36.5 ಸೆಂಟ್‌ನಿಂದ 12.5 ಸೆಂಟ್‌ಗೆ ಇಳಿಸಿತು. 2024ರ ಆಗಸ್ಟ್ 1ರಂದು, ಆ ವರ್ಷದ ಕೊನೆಯ ತ್ರೈಮಾಸಿಕದಿಂದ ಅದನ್ನೂ ನಿಲ್ಲಿಸುವುದಾಗಿ ಹೇಳಿತು. ತನ್ನ ಕಾರ್ಯತಂತ್ರಕ್ಕೆ ಬೇಕಾದ ಹೂಡಿಕೆಗೆ ನಗದು ಕಾಯ್ದುಕೊಳ್ಳಬೇಕು ಎಂಬುದು ಕೊಟ್ಟ ಕಾರಣ. ಇದನ್ನು ಲೆಕ್ಕಕ್ಕೆ ಹಚ್ಚೋಣ. ವರ್ಷಕ್ಕೆ ಷೇರಿಗೆ 50 ಸೆಂಟ್, ಸುಮಾರು 430 ಕೋಟಿ ಷೇರು. ಅಂದರೆ ಉಳಿಯುವುದು ಸುಮಾರು 215 ಕೋಟಿ ಡಾಲರ್. ಅದೇ ವರ್ಷ ಕಾರ್ಖಾನೆ, ಯಂತ್ರಗಳಿಗೆ ಕಂಪನಿ ಅಂದಾಜಿಸಿದ್ದ ವೆಚ್ಚ 2,500ರಿಂದ 2,700 ಕೋಟಿ ಡಾಲರ್. ಹನ್ನೊಂದರಲ್ಲಿ ಒಂದು ಪಾಲಿನಷ್ಟೂ ಲಾಭಾಂಶದಿಂದ ಹುಟ್ಟುವುದಿಲ್ಲ! ಹಾಗಾದರೆ ಒತ್ತಡ ಎಲ್ಲಿತ್ತು? ಹಿಂದಿನ ವರ್ಷ, 2023ರಲ್ಲಿ, ವ್ಯವಹಾರದಿಂದ ಬಂದ ನಗದು ಸುಮಾರು 1,150 ಕೋಟಿ ಡಾಲರ್. ಕಟ್ಟಡ, ಯಂತ್ರಕ್ಕೆ ಹೋದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ವಿಸ್ತರಣೆಗೆ ಹಣ ಬೇಕಿತ್ತೆಂಬುದು ನಿಜ. ಆದರೆ ದುಡಿಮೆಯಿಂದ ಬರುವ ನಗದು ವಿಸ್ತರಣೆಯ ವೇಗಕ್ಕೆ ಸಾಲದೆ ಹೋಗಿತ್ತು ಎಂಬುದು ಅದಕ್ಕಿಂತ ದೊಡ್ಡ ನಿಜ. ಲಾಭಾಂಶ ನಿಲ್ಲಿಸುವ ಪತ್ರ ಕೈಗೆ ಬಂದಾಗ ಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ. ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿ ತೆರೆದು, ದುಡಿಮೆಯ ನಗದು ಮತ್ತು ಬಂಡವಾಳ ವೆಚ್ಚಗಳನ್ನು ಅಕ್ಕಪಕ್ಕ ಇಡಬೇಕು.

ಹಳೆಯ ಲೆಕ್ಕವನ್ನೂ ಮರೆಯುವಂತಿಲ್ಲ. 2018ರಿಂದ 2020ರವರೆಗಿನ ಮೂರು ವರ್ಷಗಳಲ್ಲಿ ಇಂಟೆಲ್ ತನ್ನದೇ ಷೇರುಗಳ ಮರುಖರೀದಿಗೆ 3,500 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು. ಅದರ 10 ನ್ಯಾನೊಮೀಟರ್ ತಂತ್ರಜ್ಞಾನ ವರ್ಷಗಟ್ಟಲೆ ತಡವಾಗಿ, ತೈವಾನಿನ ಟಿಎಸ್‌ಎಂಸಿ ಮುಂದೆ ಹೋದದ್ದು ಅದೇ ಅವಧಿಯಲ್ಲಿ. ನಿಲ್ಲಿಸಿದ ಲಾಭಾಂಶದಿಂದ ಮರುಖರೀದಿಯ ಆ ಮೊತ್ತ ಕೂಡಬೇಕಾದರೆ ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಷೇರುದಾರರಿಂದ ತ್ಯಾಗ ಕೇಳುವ ಪತ್ರ ಇದನ್ನು ಒಪ್ಪಿಕೊಂಡೇ ಮುಂದುವರಿಯಬೇಕಿತ್ತು.

ಪತ್ರದಲ್ಲಿ ಅಂಕಿಗಳಿರಬೇಕೆಂಬ ನನ್ನ ಮಾತಿಗೆ ಎರಡು ಆಕ್ಷೇಪಗಳಿವೆ. ಲಾಭಾಂಶ ಬಂದರೇನು, ಬಿಟ್ಟರೇನು, ಹಣ ಬೇಕಾದವರು ನಾಲ್ಕು ಷೇರು ಮಾರಿಕೊಳ್ಳಲಿ ಎಂಬುದು ಮೊದಲನೆಯದು. 1961ರಲ್ಲಿ ಮಿಲ್ಲರ್ ಮತ್ತು ಮೊಡಿಗ್ಲಿಯಾನಿ ಮಂಡಿಸಿದ ಸಿದ್ಧಾಂತದ ಬೆಂಬಲ ಇದಕ್ಕಿದೆ. ಆದರೆ ತೆರಿಗೆ, ವೆಚ್ಚಗಳಿಲ್ಲದ, ಕಂಪನಿಯ ಹೂಡಿಕೆಯ ವಿಚಾರ ಎಲ್ಲರಿಗೂ ಸಮಾನವಾಗಿ ಗೊತ್ತಿರುವ ಮಾರುಕಟ್ಟೆಗೆ ಅವರು ಹೇಳಿದ ಮಾತು ಅದು. ನಿಜವಾದ ಮಾರುಕಟ್ಟೆಯಲ್ಲಿ ಇಂಟೆಲ್ ಷೇರು ಘೋಷಣೆಯ ಮರುದಿನವೇ ಸುಮಾರು ಶೇ 26ರಷ್ಟು ಕುಸಿಯಿತು. ನಷ್ಟದ ಫಲಿತಾಂಶ, 15 ಸಾವಿರದಷ್ಟು ನೌಕರರ ಕಡಿತ ಎಲ್ಲವೂ ಒಟ್ಟಿಗೆ ಬಂದದ್ದರಿಂದ ಕುಸಿತವನ್ನು ಲಾಭಾಂಶವೊಂದರ ತಲೆಗೇ ಕಟ್ಟಲಾಗದು. ಆದರೂ ನಿವೃತ್ತಿಯ ಖರ್ಚಿಗೆ ಲಾಭಾಂಶವನ್ನೇ ನಂಬಿದವರಿಗೆ ಅಂಥ ದಿನ ಮಾರಿಕೊಳ್ಳಿ ಎನ್ನುವುದು ಉತ್ತರವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಭವಿಷ್ಯದ ಅಂಕಿ ಕೊಟ್ಟರೆ ಪ್ರತಿಸ್ಪರ್ಧಿಗೆ ಗುಟ್ಟು ಬಿಟ್ಟಂತೆ, ಅಂಕಿ ತಪ್ಪಿದರೆ ಕಂಪನಿ ನ್ಯಾಯಾಲಯದ ಮೆಟ್ಟಿಲೇರಬೇಕಾದೀತು ಎನ್ನುತ್ತಾರೆ. ನಾನು ಕೇಳುವುದು ಭರವಸೆಯನ್ನಲ್ಲ, ಷರತ್ತನ್ನು. ನಗದು ಹರಿವು ಸುಸ್ಥಿರವಾಗಿ ಸುಧಾರಿಸಿದ ಮೇಲೆ ಲಾಭಾಂಶ ಕೊಡುವ ಬದ್ಧತೆ ಇದೆ ಎಂದಷ್ಟೇ ಇಂಟೆಲ್ ಹೇಳಿತು. ಅದರ ಬದಲು, ಸರ್ಕಾರದ ನೆರವು ಕಳೆದ ಬಂಡವಾಳ ವೆಚ್ಚಕ್ಕಿಂತ ದುಡಿಮೆಯ ನಗದು ಸತತ ನಾಲ್ಕು ತ್ರೈಮಾಸಿಕ ಹೆಚ್ಚಾದರೆ ಆಡಳಿತ ಮಂಡಳಿ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ, ಯೋಜನೆಯೊಂದು ಕೈಬಿಟ್ಟರೆ ಅದಕ್ಕೆಂದು ತೆಗೆದಿಟ್ಟ ಹಣದ ಲೆಕ್ಕವನ್ನು ಷೇರುದಾರರ ಮುಂದಿಡುತ್ತದೆ ಎಂದು ಬರೆಯಬಹುದಿತ್ತು. ಇದರಲ್ಲಿ ಯಾವ ಗುಟ್ಟೂ ಇಲ್ಲ. ಇಂಥ ಷರತ್ತಿನ ಅಗತ್ಯವೂ ಬೇಗನೇ ಬಂತು. ಘೋಷಣೆಯ ಮರುತಿಂಗಳೇ ಜರ್ಮನಿಯ ಮಾಗ್ಡೆಬರ್ಗ್ ಕಾರ್ಖಾನೆಯ ಯೋಜನೆಗೆ ತಡೆ ಬಿತ್ತು, 2025ರಲ್ಲಿ ಅದು ರದ್ದಾಯಿತು. 2025ಕ್ಕೆ ಶುರುವಾಗಬೇಕಿದ್ದ ಓಹಾಯೊ ಕಾರ್ಖಾನೆ 2030ಕ್ಕೆ ಇಲ್ಲವೇ ಅದರಾಚೆಗೆ ಹೋಯಿತು. ಯಾವ ವಿಸ್ತರಣೆಗೆಂದು ಲಾಭಾಂಶ ನಿಂತಿತೋ ಅದರ ದೊಡ್ಡ ಭಾಗವೇ ಹೀಗೆ ಹಿಂದೆ ಸರಿದಾಗ, ಕಂಪನಿಯನ್ನು ಪ್ರಶ್ನಿಸಲು ಷೇರುದಾರರ ಕೈಯಲ್ಲಿ ಲಿಖಿತ ಷರತ್ತು ಒಂದೂ ಇರಲಿಲ್ಲ.

ನಮ್ಮಲ್ಲಿ ಸೆಬಿ 2016ರಿಂದ ದೊಡ್ಡ ಕಂಪನಿಗಳಿಗೆ ಲಾಭಾಂಶ ಹಂಚಿಕೆ ನೀತಿಯನ್ನು ಕಡ್ಡಾಯ ಮಾಡಿದೆ. ಮೊದಲು 500 ಇದ್ದದ್ದು 2021ರಲ್ಲಿ 1,000 ಕಂಪನಿಗಳಿಗೆ ವಿಸ್ತರಿಸಿತು. ಲಾಭಾಂಶ ನಿರೀಕ್ಷಿಸಲಾಗದ ಸಂದರ್ಭಗಳು ಯಾವುವು, ಉಳಿಸಿಕೊಂಡ ಲಾಭದ ಬಳಕೆ ಹೇಗೆ ಎಂಬುದನ್ನು ಆ ನೀತಿಯಲ್ಲಿ ಹೇಳಬೇಕು. ಲಾಭಾಂಶ ಮರಳುವ ಷರತ್ತನ್ನೂ, ಅದರ ಅಳತೆಯನ್ನೂ ಸೆಬಿ ಆ ಪಟ್ಟಿಗೆ ಸೇರಿಸಬೇಕು.