ಬಾಕಿ ಕೇಳುವ ಹದ

ಬಿಲ್ ಕೊಟ್ಟು ಹಣಕ್ಕೆ ಕಾಯುವ ಸಣ್ಣ ಉದ್ಯಮಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ವಾರಕ್ಕೊಮ್ಮೆ ತಪ್ಪದೆ ಫಾಲೋ ಅಪ್ ಮಾಡು. ಎಲ್ಲ ಗಿರಾಕಿಗಳನ್ನೂ ಒಂದೇ ರೀತಿ ಕೇಳುವುದರಲ್ಲಿ ಒಂದು ನ್ಯಾಯವೂ ಇದ್ದಂತೆ ಕಾಣುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹಣ ಬಿಡುಗಡೆ ಮಾಡುವ ತೀರ್ಮಾನ ಯಾರ ಕೈಯಲ್ಲಿದೆ ಎಂದು ನೋಡಿಕೊಂಡೇ ಎಷ್ಟು ಸಲ ಕೇಳಬೇಕು, ಯಾವ ದನಿಯಲ್ಲಿ ಕೇಳಬೇಕು ಎಂದು ನಿರ್ಧರಿಸಬೇಕು.

ಪೀಣ್ಯದ ಒಂದು ಮೆಷಿನ್ ಶಾಪ್ ಜೂನ್ 10ರಂದು ಎರಡು ಬಿಲ್ ಕಳಿಸಿದೆ ಎಂದಿಟ್ಟುಕೊಳ್ಳೋಣ. ಒಂದು ಬಹುರಾಷ್ಟ್ರೀಯ ಕಂಪನಿಗೆ, 500 ಬಿಡಿಭಾಗಗಳದ್ದು. ಇನ್ನೊಂದು ಪಂಪ್ ತಯಾರಿಸುವ ಸ್ಥಳೀಯ ಕಾರ್ಖಾನೆಗೆ, 60,000 ರೂಪಾಯಿಯದ್ದು.

ದೊಡ್ಡ ಕಂಪನಿಯಲ್ಲಿ ಮಾಲು ಇಳಿದ ಮೇಲೆ ಸ್ಟೋರ್ಸ್‌ನವರು ಜಿಆರ್‌ಎನ್ ಮಾಡುತ್ತಾರೆ. ಪರ್ಚೇಸ್ ಆರ್ಡರ್, ಜಿಆರ್‌ಎನ್, ಬಿಲ್ ಮೂರೂ ತಾಳೆಯಾದರೆ ಮಾತ್ರ ಬಿಲ್ ಪಾವತಿಯ ಸರದಿಗೆ ಸೇರುತ್ತದೆ. ಈಗ ತಪಾಸಣೆಯವರು 20 ನಗವನ್ನು ತಡೆಹಿಡಿದರು, ಜಿಆರ್‌ಎನ್ 480ಕ್ಕೆ ಆಯಿತು. ಬಿಲ್ ಇರುವುದು 500ಕ್ಕೆ. ಬಿಲ್ ಅಲ್ಲಿಗೇ ನಿಲ್ಲುತ್ತದೆ. ಯಾರೂ ತಿರಸ್ಕರಿಸಿರುವುದಿಲ್ಲ, ಹಾಗಾಗಿ ಯಾರೂ ತಿಳಿಸುವುದೂ ಇಲ್ಲ. ಆರ್ಡರ್ ಕೊಟ್ಟ ಎಂಜಿನಿಯರ್‌ಗೆ ದಿನಾ ಫೋನ್ ಮಾಡಿದರೂ ಫಲವಿಲ್ಲ. ಬಿಲ್ ನೋಡುವವರು ಎಷ್ಟೋ ಸಲ ಬೇರೆ ಊರಿನ ಕಚೇರಿಯಲ್ಲಿರುತ್ತಾರೆ. ಗಡುವು ದಾಟಿದ ಮೇಲೆ ಎಚ್ಚೆತ್ತರೆ ಆಗಲೇ ತಡ. ಇಲ್ಲಿ ಮೊದಲ ವಿಚಾರಣೆ ಮಾಲು ಇಳಿದ ವಾರದೊಳಗೇ ನಡೆಯಬೇಕು, ಅದೂ ಹಣದ ಬಗ್ಗೆ ಅಲ್ಲ: ಜಿಆರ್‌ಎನ್ ಎಷ್ಟಕ್ಕೆ ಆಯಿತು, ಬಿಲ್ ಪೋಸ್ಟ್ ಆಯಿತೇ? 20 ನಗ ವಾಪಸ್ ಬರುವುದಾದರೆ ಅಷ್ಟಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಮುಗಿಸಬಹುದು. ಆಮೇಲೆ ಗಡುವಿಗೆ ಒಂದು ವಾರ ಮುಂಚೆ ಒಂದು ಮೇಲ್, ದಾಟಿದರೆ ಅದೇ ಮೇಲ್‌ನ ಮುಂದುವರಿಕೆಯಾಗಿ ಇನ್ನೊಂದು, ಎಂಜಿನಿಯರ್‌ಗೂ ಪ್ರತಿ ಹೋಗುವಂತೆ. ಆರ್ಡರ್ ನಂಬರು, ಬಿಲ್ ನಂಬರು, ಮೊತ್ತ, ಗಡುವಿನ ದಿನಾಂಕ ಇಷ್ಟಿದ್ದರೆ ಸಾಕು. ಸಂಬಳ ಕೊಡಲು ಹಣವಿಲ್ಲ ಎಂಬ ಕಷ್ಟ ಎಷ್ಟೇ ನಿಜವಾದರೂ ಅದನ್ನು ಓದುವ ಗುಮಾಸ್ತರಿಗೆ ಸರದಿ ಬದಲಿಸುವ ಅಧಿಕಾರವಿರುವುದಿಲ್ಲ.

ಪಂಪ್ ಕಾರ್ಖಾನೆಯಲ್ಲಿ ಕಡತ ಎಲ್ಲೂ ಸಿಕ್ಕಿಕೊಂಡಿರುವುದಿಲ್ಲ. ಬಿಲ್ ಮಾಲೀಕರ ಮೇಜಿನ ಮೇಲೇ ಇದೆ, ಬ್ಯಾಂಕಿನಲ್ಲಿ ಹಣ ಕಡಿಮೆ ಇದೆ. ಈ ವಾರ ಬಂದ ಹಣದಲ್ಲಿ ಯಾರಿಗೆ ಎಷ್ಟು ಎಂದು ಅವರೇ ಲೆಕ್ಕ ಹಾಕುತ್ತಾರೆ. ಆ ಹೊತ್ತಿಗೆ ನೀವು ನೆನಪಿನಲ್ಲಿರಬೇಕು. ಅದಕ್ಕೇ ಇಲ್ಲಿ ಪದೇ ಪದೇ ಕೇಳುವುದು ಕೆಲಸಕ್ಕೆ ಬರುತ್ತದೆ, ಆದರೆ ಅದು ಫೋನಿನಲ್ಲಿ, ಸಾಧ್ಯವಾದರೆ ಎದುರಿಗೆ. ಕೂಲಿ ಬಟವಾಡೆಯ ಶನಿವಾರ ಕೇಳಬಾರದು. ‘ಸಾರ್, ಪೂರ್ತಿ ಆಗದಿದ್ದರೆ ಗುರುವಾರ 25,000 ಹಾಕಿಸಿ, ಮಿಕ್ಕಿದ್ದಕ್ಕೆ ನೀವೇ ಒಂದು ದಿನ ಹೇಳಿ’ ಎಂದರೆ ಅವರಿಗೂ ಒಪ್ಪಿಕೊಳ್ಳಲು ದಾರಿಯಿರುತ್ತದೆ. ಮಾತು ಮುಗಿದ ಕೂಡಲೇ ಆ ದಿನ, ಆ ಮೊತ್ತ ಬರೆದು ವಾಟ್ಸ್‌ಆ್ಯಪ್ ಮಾಡಿ. ಹೇಳಿದ ದಿನಗಳು ಮತ್ತೆ ಮತ್ತೆ ತಪ್ಪಿದರೆ ಮುಂದಿನ ಮಾಲು ನಿಲ್ಲಿಸುವುದೇ ಸರಿ. ಇನ್ನಷ್ಟು ಫೋನ್ ಮಾಡುವುದರಿಂದ ಏನೂ ಆಗದು.

ಗಾತ್ರ ನೋಡಿಯೇ ಎಲ್ಲವನ್ನೂ ಹೇಳಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ನೂರಾರು ಕೋಟಿ ವಹಿವಾಟಿನ ಮನೆತನದ ಸಂಸ್ಥೆಯಲ್ಲೂ ಹಿರಿಯರೊಬ್ಬರು ಹೂಂ ಎನ್ನದೆ ಹಣ ಹೊರಡದಿರಬಹುದು. ಹತ್ತೇ ಜನರ ಕಂಪನಿ ಅಚ್ಚುಕಟ್ಟಾದ ಪದ್ಧತಿ ಇಟ್ಟುಕೊಂಡಿರಬಹುದು. ಮೊದಲ ಸಲ ಕೇಳಿದಾಗ ಬರುವ ಉತ್ತರದಲ್ಲೇ ಇದು ಗೊತ್ತಾಗುತ್ತದೆ. ‘ಬಿಲ್ ನಂಬರ್ ಕೊಡಿ, ಸಿಸ್ಟಂನಲ್ಲಿ ನೋಡ್ತೀನಿ’ ಎಂದರೆ ಪದ್ಧತಿ ಆಳುತ್ತಿದೆ. ‘ಮುಂದಿನ ವಾರ ನೋಡೋಣ’ ಎಂದರೆ ಮನುಷ್ಯ ಆಳುತ್ತಿದ್ದಾನೆ.

ಕಾನೂನಿನ ಮಾತೆತ್ತುವಾಗಲೂ ಈ ವ್ಯತ್ಯಾಸ ಮರೆಯಬಾರದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ ಹಣ ಕೊಡಲು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೊಡ್ಡ ಕಂಪನಿಗೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್‌ನಲ್ಲೂ ಮುದ್ರಿಸಿ ಕೊಡಬಹುದು, ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಪಂಪ್ ಕಾರ್ಖಾನೆಯ ಮಾಲೀಕರಿಗೆ ಬಡ್ಡಿಯ ಮಾತು ಬೆದರಿಕೆಯಾಗಿ ಕೇಳಿಸುತ್ತದೆ. ಅವರಿಗೆ ಫೆಬ್ರುವರಿಯಲ್ಲಿ ಬೇರೆ ಮಾತು ಹೇಳಬಹುದು: ಗಡುವು ಮೀರಿದ ಈ ಬಾಕಿ ಮಾರ್ಚ್ 31ರೊಳಗೆ ತೀರದಿದ್ದರೆ ಆ ಖರ್ಚನ್ನು ಈ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ, ಒಮ್ಮೆ ನಿಮ್ಮ ಆಡಿಟರನ್ನು ಕೇಳಿ ನೋಡಿ ಸಾರ್, ಎಂದು.